ಹೃದಯದ ತೂತು, ತಡವಾಗಿ ಬಂದ ನೀಲಿ

"ಅಕ್ಕನಿಗೆ ಹುಟ್ಟಿನಿಂದ ಹೃದಯದ ಕೆಳಕೋಣೆಗಳ ನಡುವೆ ತೂತು. ಡಾಕ್ಟರು ಐಸೆನ್‌ಮೆಂಗರ್ ಅನ್ನುವ ಕಾಯಿಲೆ ಅಂದಿದ್ದಾರೆ. ಚಿಕ್ಕಂದಿನಲ್ಲಿ ಇಲ್ಲದ ನೀಲಿ 28ಕ್ಕೆ ಯಾಕೆ? ತೂತು ಮುಚ್ಚಿಸಬಹುದಾ?"

ಮೊದಲು ಒತ್ತಡ ಹೆಚ್ಚಿರುವ ಎಡಗಡೆಯಿಂದ ಬಲಕ್ಕೆ ರಕ್ತ ನುಗ್ಗುತ್ತಿತ್ತು. ಅದು ಆಮ್ಲಜನಕ ತುಂಬಿದ ರಕ್ತ, ಹಾಗಾಗಿ ಮೈ ನೀಲಿಯಾಗಲಿಲ್ಲ. ಆದರೆ ಆ ಹೆಚ್ಚುವರಿ ರಕ್ತ ವರ್ಷಗಟ್ಟಲೆ ಜೋರಾಗಿ ಶ್ವಾಸಕೋಶಕ್ಕೆ ಹರಿದು, ಅಲ್ಲಿನ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಯಿತು. ಬಲಗಡೆಯ ಒತ್ತಡ ಎಡವನ್ನು ಮೀರಿದಾಗ ಹರಿವು ತಿರುಗಿತು; ಇದಕ್ಕೇ ಐಸೆನ್‌ಮೆಂಗರ್ ಅನ್ನುವುದು. ಶ್ವಾಸಕೋಶ ಮುಟ್ಟದ, ಆಮ್ಲಜನಕ ಕಡಿಮೆಯಿರುವ ರಕ್ತವೂ ಈಗ ಮೈಗೆ ಸೇರುತ್ತಿದೆ, ಅದಕ್ಕೇ ನೀಲಿ.

ಈ ಹಂತದಲ್ಲಿ ಮುಚ್ಚಿಸುವುದಿಲ್ಲ. ಬಲಗಡೆಗೆ ಒತ್ತಡ ಇಳಿಸಿಕೊಳ್ಳಲು ಆ ತೂತೇ ದಾರಿ; ಮುಚ್ಚಿದರೆ ಬಲಕೋಣೆ ಸೋತುಬಿಡಬಹುದು. ಶ್ವಾಸಕೋಶದ ಒತ್ತಡ ಇಳಿಸುವ ಬೋಸೆಂಟಾನ್‌ನಂಥ ಮಾತ್ರೆಗಳಿವೆ, ಕೇಳಿ ನೋಡಿ. ಇನ್ನೊಂದು, ಅಕ್ಕನಿಗೆ ಗರ್ಭಧಾರಣೆ ಪ್ರಾಣಾಪಾಯ. ಮದುವೆ ಮಾತಿಗೂ ಮುಂಚೆ ಇದನ್ನು ಹೃದ್ರೋಗತಜ್ಞರ ಹತ್ತಿರ ಬಿಡಿಸಿ ಮಾತಾಡಿ.