ಕಾಲೆಳೆಯೋ ಮೀಮ್‌ಗೆ ಯಾರೂ ನಗಲಿಲ್ಲ, ಯಾಕೆ?

“ಹುಡುಗಿ ಜೊತೆ ಹೋಗ್ತಾ ಇನ್ನೊಬ್ಬಳನ್ನ ತಿರುಗಿ ನೋಡೋ ಹುಡುಗನ ಫೋಟೊ ಹಾಕಿ, ಮೇಲೆ ‘ನಮ್ಮ ಸಂತು ಹಿಡಿದ ಕೆಲಸ ಬಿಟ್ಟು ಬೇರೆ ಕಡೆ ನೋಡ್ತಾನೆ, ಸೋಮಾರಿ’ ಅಂತ ಬರೆದೆ. ಗ್ರೂಪಲ್ಲಿ ಒಬ್ಬರೂ ನಗಲಿಲ್ಲ. ಯಾಕೆ?”

ಫೋಟೊ ಹೇಳಿದ್ದನ್ನೇ ನಿಮ್ಮ ಸಾಲೂ ಹೇಳ್ತಿದೆ, ಬಹುಶಃ ಅದೇ ಕಾರಣ. 2017ರಲ್ಲಿ ಹರಡಿದ ಈ ಸ್ಟಾಕ್ ಫೋಟೊದ ಅರ್ಥ ಎಲ್ಲರಿಗೂ ಬಾಯಿಪಾಠ. ಯಾರು, ಯಾವುದನ್ನ ಬಿಟ್ಟು ಯಾವುದರ ಕಡೆ ನೋಡ್ತಿದ್ದಾನೆ ಅನ್ನೋದಷ್ಟೇ ಬರಹದ ಕೆಲಸ.

ಮೊದಲು ಮೇಲಿನ ಸಾಲು ಅಳಿಸಿ. ಮೂವರ ಮೇಲೂ ಎರಡು ಮೂರು ಪದದ ಒಂದೊಂದು ಚೀಟಿ ಅಂಟಿಸಿ. ಕಣ್ಣು ಎಡದಿಂದ ಬಲಕ್ಕೆ ಓದುತ್ತೆ, ಹಾಗಾಗಿ ಏಟು ಬಲಗಡೆ ಬೀಳಬೇಕು. ಎಡಗಡೆ ಕೆಂಪು ಬಟ್ಟೆಯವಳ ಮೇಲೆ “ಬೇಕರಿ ಎಗ್ ಪಫ್ಸ್”, ನಡುವೆ “ಸಂತು”, ಬಲಗಡೆ ಬಾಯಿ ತೆರೆದು ನಿಂತವಳ ಮೇಲೆ “ಕಟ್ಟಿದ ಜಿಮ್ ಫೀಸು”. ಆಗ ಅವಳ ಸಿಟ್ಟಿನ ಮುಖ ಫೀಸಿನ ಮುಖ ಆಗುತ್ತೆ. ನಗು ಹುಟ್ಟೋದು ಅಲ್ಲೇ. “ತಿಂಡಿ”, “ವ್ಯಾಯಾಮ” ಅಂತ ಬರೆದ್ರೆ ಅದು ಸಪ್ಪೆ. ಗ್ರೂಪಿನವರು ಕಣ್ಣಾರೆ ಕಂಡ ವಸ್ತುವೇ ಬೇಕು.

ಕಳಿಸೋ ಮುಂಚೆ ಫೋಟೊ ಮುಚ್ಚಿ ಬರಹ ಮಾತ್ರ ಓದಿ. ಅಷ್ಟಕ್ಕೇ ಜೋಕ್ ಪೂರ್ತಿ ಅರ್ಥವಾದ್ರೆ ಫೋಟೊ ದಂಡ. ಆಮೇಲೆ ಹೆಸರು ಬದಲಿಸಿ ನೋಡಿ. ಯಾರಿಗೆ ಬೇಕಾದ್ರೂ ಹೊಂದಿದ್ರೆ ಅದು ಸಂತುವಿನ ಕಾಲೆಳೆದಂತಲ್ಲ, “ಸೋಮಾರಿ” ಥರ ಬರೀ ಬೈಗುಳ. ಅವನ ಹೊಟ್ಟೆ, ಬಣ್ಣದ ಸುದ್ದಿಗೆ ಹೋಗ್ಬೇಡಿ. ಅವನು ಮಾಡಿದ್ದಕ್ಕೆ ಅವನೂ ನಗ್ತಾನೆ, ಮೈ ಬಗ್ಗೆ ಅಂದ್ರೆ ನೋಯುತ್ತೆ.