ಎಮೋಜಿ ಕಾಪಿ ಆದ್ರೂ ಟೋನ್ ಯಾಕೆ ಹೋಗ್ತದೆ?

ಪ್ರಶ್ನೆ: ನಾನು ಕಾಸರಗೋಡಿನ ಕುಂಬಳೆಯವಳು. ಮನೆಯಲ್ಲೂ ಶಾಲೆಯಲ್ಲೂ ಕನ್ನಡ, ಮಲಯಾಳಂ ಅಕ್ಕಪಕ್ಕದವರಿಂದ ಬಂದದ್ದು. ಈಗ ಒಂದು ಏಜೆನ್ಸಿಗೆ ಮಲಯಾಳಂ ವಾಟ್ಸಾಪ್ ಚಾಟ್‌ಗಳನ್ನು ಕನ್ನಡಕ್ಕೆ ಮಾಡಿ ಕೊಡ್ತಾ ಇದ್ದೇನೆ. ಎಮೋಜಿ ಒಂದನ್ನೂ ಬಿಡದೆ ಇದ್ದ ಹಾಗೇ ಹಾಕ್ತೇನೆ, ಆದ್ರೂ ರಿವ್ಯೂ ಮಾಡುವವರು ‘ಟೋನ್ ಹೋಗಿದೆ’ ಅಂತ ವಾಪಸ್ ಕಳಿಸ್ತಾರೆ. ಎಂತ ತಪ್ಪಾಗ್ತಾ ಉಂಟು?

ಉತ್ತರ: ತಪ್ಪು ಎಮೋಜಿಯಲ್ಲಿ ಇರ್ಲಿಕ್ಕಿಲ್ಲ, ಅದರ ಪಕ್ಕ ನೀವು ಬರೆದ ಕನ್ನಡದಲ್ಲಿ ಇರ್ಬೇಕು. 😂 ಅಂತ ಹಾಕಿದ ಕೂಡ್ಲೇ ಮಾತು ನಗುವಿನದ್ದು ಆಗ್ತದೆ ಅಂತ ನಾವು ಅಂದ್ಕೊಳ್ತೇವೆ, ಆದ್ರೆ ಆ ಮುಖ ಪಕ್ಕದ ಮಾತಿಗೆ ಒರಗಿಕೊಂಡು ಕೂತಿರ್ತದೆ, ಮಾತು ಸಲಿಗೆಯದ್ದಾದ್ರೆ ಅದು ಚೇಷ್ಟೆ, ಮಾತು ಬಿಗಿಯದ್ದಾದ್ರೆ ಅದೇ ಮುಖ ಗೇಲಿ. ಒಂದು ಸಣ್ಣ ಚಾಟ್ ಇಟ್ಕೊಂಡು ನೋಡುವ, ಇಬ್ಬರು ಗೆಳತಿಯರದ್ದು, ಮಲಯಾಳಂ ಸಾಲುಗಳನ್ನು ಕನ್ನಡ ಲಿಪಿಯಲ್ಲೇ ಬರೀತೇನೆ.

ಒಬ್ಬಳು: ನಾಳೆ ವೀಟ್ಟಿಲ್ ವರುಮೋ? 🥺
ಇನ್ನೊಬ್ಬಳು: ನೋಕ್ಕಾಂ 🙂
ಒಬ್ಬಳು: ಕಳಿಞ್ಞ ತವಣಯುಂ ಇದು ತನ್ನೆಯಾ ಪರಞ್ಞದ್ 😂😂
ಇನ್ನೊಬ್ಬಳು: ಸಾರಿ ಡೀ 🙈 ಈ ತವಣ ಉರಪ್ಪಾಯುಂ ವರುಂ 🙏
ಒಬ್ಬಳು: ಶರಿ ಶರಿ 🙄❤️

ನಾಳೆ ಮನೆಗೆ ಬರ್ತೀಯಾ ಅಂತ ಒಬ್ಬಳು ಕೇಳುದು, ಇನ್ನೊಬ್ಬಳು ನೋಡುವ ಅನ್ನುದು, ಹೋದ ಸಲವೂ ಇದನ್ನೇ ಹೇಳಿದ್ದು ಅಂತ ಇವಳು ಅಂದ ಮೇಲೆ ಸಾರಿ, ಈ ಸಲ ಖಂಡಿತ ಬರ್ತೇನೆ ಅಂತ ಅವಳು, ಸರಿ ಸರಿ ಅಂತ ಇವಳು. ಮೊದಲು ಎಮೋಜಿ ಎಲ್ಲ ಮುಚ್ಚಿ ಓದಿ. ಮೂರನೇ ಸಾಲು ನೇರ ದೂರು, ಕೊನೆಯ ‘ಶರಿ ಶರಿ’ ಅಂತೂ ಮುಖ ತಿರುಗಿಸಿಕೊಂಡು ಹೋದ ಹಾಗೆ ಕೇಳ್ತದೆ. ಮತ್ತೆ ಎಮೋಜಿ ಸೇರಿಸಿ ಓದಿ, ಎಲ್ಲೂ ಜಗಳ ಇಲ್ಲ, ಸಲಿಗೆ ಮಾತ್ರ. ಹೀಗೆ ಎರಡು ಸಲ ಓದಿದಾಗ ಯಾವ ಸಾಲಿನ ಅರ್ಥ ಬದಲಾಯ್ತೋ ಅಲ್ಲಿ ಮಾತ್ರ ನಿಮಗೆ ನಿಜವಾದ ಕೆಲಸ ಇರುದು. ಹ್ಯಾಪಿ ಬರ್ತ್‌ಡೇ ಅಂತ ಬರೆದು ಕೇಕ್ ಹಾಕಿದ್ರೆ ಅದು ಹೇಳಿದ್ದನ್ನೇ ಇನ್ನೊಮ್ಮೆ ಹೇಳುದು, ಅದಕ್ಕೆ ತಲೆ ಕೆಡಿಸ್ಬೇಡಿ. ಮಾತು ಒಂದು ಕಡೆ ಹೋಗ್ತಾ ಇರುವಾಗ ಎಮೋಜಿ ಅದನ್ನು ಇನ್ನೊಂದು ಕಡೆಗೆ ತಿರುಗಿಸ್ತದಲ್ಲ, ಅಲ್ಲಿ ನಿಲ್ಲಿ. ಡೌಟ್ ಇದ್ರೆ 😂 ತೆಗೆದು ಅಲ್ಲಿ 😠 ಇಟ್ಟು ಓದಿ ನೋಡಿ, ಸಾಲಿನ ಅರ್ಥ ಪೂರ್ತಿ ಮಗುಚಿ ಬಿದ್ರೆ ಟೋನ್ ಹೊತ್ತದ್ದು ಎಮೋಜಿಯೇ ಅಂತ ಗ್ಯಾರಂಟಿ.

ಈಗ ಮೂರನೇ ಸಾಲು. ‘ಕಳೆದ ಬಾರಿಯೂ ನೀನು ಇದನ್ನೇ ಹೇಳಿದ್ದೆ 😂😂’ ಅಂತ ಹಾಕಿದ್ರೆ ಅರ್ಥ ಸರಿ, ಎಮೋಜಿ ಸರಿ, ಲೆಕ್ಕವೂ ಸರಿ. ಆದ್ರೂ ಓದುವಾಗ ಚುಚ್ಚಿದ ಹಾಗೆ ಆಗ್ತದೆ. ಯಾಕೆಂದ್ರೆ ‘ಕಳೆದ ಬಾರಿಯೂ’ ಪುಸ್ತಕದ ಕನ್ನಡ, ಪಾಠ ಹೇಳುವವರ ಕನ್ನಡ, ಅದರ ಪಕ್ಕ ನಗುವ ಮುಖ ಬಂದ್ರೆ ಅದು ಎದುರಿನವಳನ್ನು ನೋಡಿ ನಗುದು ಅಂತಲೇ ಓದುವವರಿಗೆ ಕಾಣುದು. ಮಲಯಾಳಂನಲ್ಲಿ ‘ತನ್ನೆಯಾ ಪರಞ್ಞದ್’ ಅಂತ ಬಾಯಲ್ಲಿ ಬರುವ ಹಾಗೇ ಟೈಪ್ ಮಾಡಿದ್ದಾಳೆ, ನಮ್ಮಲ್ಲೂ ಹಾಗೇ ಬರ್ಬೇಕು: ‘ಹೋದ ಸಲವೂ ಹೀಗೇ ಹೇಳಿದ್ದಿ ಮಾರಾಯ್ತಿ 😂😂’. ಮಾರಾಯ್ತಿ ಮೂಲದಲ್ಲಿ ಇಲ್ವಲ್ಲ ಅಂತ ನೀವು ಕೇಳ್ಬಹುದು. ಆ ಸಾಲಿನಲ್ಲಿ ಇಲ್ಲ ನಿಜ, ಆದ್ರೆ ಮುಂದಿನ ಸಾಲಿನ ‘ಡೀ’ ಇಬ್ಬರ ನಡುವಿನ ಸಲಿಗೆ ಎಷ್ಟು ಅಂತ ತೋರಿಸ್ತದೆ, ಅದನ್ನೇ ಒಂದು ಸಾಲು ಮೇಲೆ ತಂದದ್ದು ಅಷ್ಟೇ. ಹಾಗೆ ತಂದ ಮೇಲೆ ಕೆಳಗೆ ಬರೀ ‘ಸಾರಿ’ ಸಾಕು, ಎರಡೂ ಕಡೆ ಮಾರಾಯ್ತಿ ಬೇಡ. ಮತ್ತೊಂದು, 😂 ಇರುವಾಗ ‘ಹಹ’ ಅಂತ ನೀವಾಗಿ ಸೇರಿಸ್ಲೇಬೇಡಿ, ‘ತಮಾಷೆಗೆ ಹೇಳಿದ್ದು’ ಅಂತ ವಿವರಿಸ್ಲೂ ಬೇಡಿ, ಎರಡೆರಡು ಸಲ ನಗಿಸ್ಲಿಕ್ಕೆ ಹೋದ್ರೆ ಆ ಹುಡುಗಿಯ ಸ್ವಭಾವವೇ ಬೇರೆ ಆಗ್ತದೆ.

ಎರಡನೇ ಸಾಲು ಇನ್ನೂ ಕಷ್ಟ. 🙂 ಇದನ್ನು ಹಾಕಿದವರ ವಯಸ್ಸು ಗೊತ್ತಿಲ್ಲದೆ ಮುಟ್ಲಿಕ್ಕೇ ಹೋಗ್ಬಾರ್ದು. ನಮ್ಮ ಅಪ್ಪ ಅಮ್ಮನ ಪ್ರಾಯದವರು ಹಾಕಿದ್ರೆ ಹೆಚ್ಚಾಗಿ ಬರೀ ನಗು, ಖುಷಿಯದ್ದೇ. ಕಾಲೇಜಿನ ಮಕ್ಕಳು ಹಾಕಿದ್ರೆ ಎಷ್ಟೋ ಸಲ ‘ಹೇಳ್ಲಿಕ್ಕೆ ಉಂಟು, ಹೇಳುದಿಲ್ಲ’ ಅನ್ನುವ ಬಿಗಿದ ಬಾಯಿ. ಹಾಗಾದ್ರೆ ಹೇಗೆ ತಿಳಿಯುದು? ಎರಡು ಕಡೆ ನೋಡ್ಬೇಕು. ಒಂದು, ಇದೇ ಚಾಟ್‌ನಲ್ಲಿ ಅದೇ ಮನುಷ್ಯ ಬೇರೆ ಕಡೆ ಖುಷಿಗೆ ಯಾವ ಮುಖ ಹಾಕ್ತಾರೆ ಅಂತ. ಖುಷಿಗೆ 😄 ಹಾಕುವವಳು ಇಲ್ಲಿ ಮಾತ್ರ 🙂 ಹಾಕಿದ್ರೆ ಅದರಲ್ಲಿ ಏನೋ ಉಂಟು. ಇನ್ನೊಂದು, ಎದುರಿನವರು ಅದನ್ನು ಹೇಗೆ ತಗೊಂಡ್ರು ಅಂತ, ಅವರಷ್ಟು ಒಳ್ಳೆ ಸಾಕ್ಷಿ ನಿಮಗೆ ಬೇರೆ ಸಿಗ್ಲಿಕ್ಕಿಲ್ಲ. ಇಲ್ಲಿ ಗೆಳತಿ ಕೂಡ್ಲೇ ಕಾಲೆಳೆದಿದ್ದಾಳೆ, ಅಂದ್ರೆ ಅವಳಿಗೆ ಇದು ತಪ್ಪಿಸಿಕೊಳ್ಳುವ ಮಾತು ಅಂತ ಅರ್ಥ ಆಗಿದೆ.

ಹಾಗಾಗಿ ‘ನೋಡ್ತೇನೆ 🙂’ ಸರಿ ಆಗುದಿಲ್ಲ. ನೋಡ್ತೇನೆ ಅಂದ್ರೆ ಅರ್ಧ ಜವಾಬ್ದಾರಿ ತಗೊಂಡ ಹಾಗೆ. ನಮ್ಮೂರಲ್ಲಿ ‘ನೋಡುವ’ ಅಂತ ಹೇಳ್ತೇವಲ್ಲ, ಬರುದೂ ಅಲ್ಲ ಬಾರದ್ದೂ ಅಲ್ಲ, ಅದು ‘ನೋಕ್ಕಾಂ’ ಕೂತಲ್ಲೇ ಸರಿಯಾಗಿ ಕೂತ್ಕೊಳ್ತದೆ, ಕಾಸರಗೋಡಿನ ಅನುವಾದಕರಿಗೆ ಇದು ಪುಕ್ಕಟೆ ಸಿಕ್ಕಿದ ಅನುಕೂಲ. ಓದುವವರು ಬೆಂಗಳೂರಿನವರಾದ್ರೆ ‘ನೋಡೋಣ 🙂’ ಅಂತ ಮಾಡಿ. ಯಾವ ಕಡೆಯ ಓದುಗರು ಅಂತ ಏಜೆನ್ಸಿಯವರನ್ನು ಕೆಲಸಕ್ಕೆ ಮೊದಲೇ ಕೇಳಿ, ಒಬ್ಬ ಮನುಷ್ಯ ಒಂದು ಸಾಲಲ್ಲಿ ‘ನೋಡುವ’ ಅಂತಲೂ ಇನ್ನೊಂದರಲ್ಲಿ ‘ಬರ್ತೀನಿ ಕಣೇ’ ಅಂತಲೂ ಹೇಳಿದ್ರೆ ಎಮೋಜಿ ಎಷ್ಟು ಸರಿ ಇದ್ರೂ ಆ ಮಾತನ್ನು ಯಾರೂ ನಂಬುದಿಲ್ಲ.

ನಾಲ್ಕನೇ ಸಾಲಿನ 🙏 ನಮಸ್ಕಾರ ಅಲ್ಲ, ಥ್ಯಾಂಕ್ಸೂ ಅಲ್ಲ, ಸಾರಿ ಹೇಳಿದ ಬೆನ್ನಿಗೆ ಬಂದದ್ದರಿಂದ ‘ಇದೊಂದು ಸಲ ನಂಬು’ ಅಂತ. ಎಮೋಜಿ ಉಳಿಯುವ ಫೈಲಿನಲ್ಲಿ ‘ಈ ಸಲ ಖಂಡಿತ ಬರ್ತೇನೆ 🙏’ ಸಾಕು. ಎಮೋಜಿ ಹಾಕ್ಲಿಕ್ಕೇ ಆಗದ ಕೆಲಸವೂ ಬರ್ತದೆ, ಸಬ್‌ಟೈಟಲ್ ಆಗಿರ್ಬಹುದು, ಓದಿ ರೆಕಾರ್ಡ್ ಮಾಡುವ ಸ್ಕ್ರಿಪ್ಟ್ ಆಗಿರ್ಬಹುದು. ಅಲ್ಲಿ ‘ಕೈಮುಗಿಯುತ್ತಾ’ ಅಂತ ಬರೀಬೇಡಿ, ‘ದಮ್ಮಯ್ಯ, ಈ ಸಲ ಖಂಡಿತ ಬರ್ತೇನೆ’ ಅಂತ ಬರೀರಿ. ಮುಖವನ್ನು ವರ್ಣಿಸ್ಲಿಕ್ಕೆ ಹೋಗದೆ ಆ ಮುಖ ಮಾಡ್ಕೊಂಡು ನಮ್ಮವರು ಎಂತ ಹೇಳ್ತಾರೆ ಅಂತ ಕೇಳ್ಕೊಳ್ಳಿ, ದಮ್ಮಯ್ಯ, ಮಾರಾಯ್ತಿ, ಆಯ್ತಪ್ಪಾ, ಹೌದಾ, ಬಿಡು, ಎಳೆದ ‘ಹೂಂ’, ಇವೆಲ್ಲ ಎಮೋಜಿ ಹುಟ್ಟುವ ಮೊದಲೇ ಇದೇ ಕೆಲಸ ಮಾಡ್ತಾ ಇದ್ದವು. ಕೊನೆಯ ಸಾಲಿನ 🙄❤️ ಸಹ ಹಾಗೇ. ಮೊದಲು ಬೇಜಾರು ತೋರಿಸಿ ಮತ್ತೆ ಕ್ಷಮಿಸಿದ್ದು, ಆ ಕ್ರಮ ಅದಲು ಬದಲು ಆಗ್ಬಾರ್ದು, ❤️🙄 ಅಂತ ಆದ್ರೆ ಕೊನೆಗೆ ಉಳಿಯುದು ಬೇಜಾರೇ. ಎಮೋಜಿ ಇಲ್ಲದಿದ್ರೆ ‘ಹೂಂ, ಆಯ್ತಾಯ್ತು, ಬಾ ಮಾರಾಯ್ತಿ’ ಅಂತ ಮಾಡ್ಬಹುದು, ‘ಹೂಂ’ 🙄ದ ಪಾಲು, ‘ಬಾ ಮಾರಾಯ್ತಿ’ ❤️ದ ಪಾಲು.

ಇಷ್ಟೆಲ್ಲ ಹೇಳಿದ್ದು ಓದಿ ಖುಷಿಪಡುವವರಿಗೆ ಮಾಡುವ ಅನುವಾದಕ್ಕೆ. ನಾಳೆ ಯಾರಾದ್ರೂ ವಕೀಲರು ಕೇಸಿನ ಚಾಟ್ ತಂದು ಕೊಟ್ರೆ ಇದರಲ್ಲಿ ಒಂದನ್ನೂ ಮಾಡ್ಬಾರ್ದು. ಕೆನಡಾದ ಸಸ್ಕಾಚೆವಾನ್‌ನಲ್ಲಿ 2023ರಲ್ಲಿ ಒಂದು ತೀರ್ಪು ಬಂತು. ಅಗಸೆ ಬೀಜ ಖರೀದಿ ಮಾಡುವವರು ರೈತನಿಗೆ ಕರಾರಿನ ಫೋಟೋ ಕಳಿಸಿ ಕನ್ಫರ್ಮ್ ಮಾಡಿ ಅಂದಿದ್ರು, ರೈತ 👍 ಹಾಕಿದ. ಬೀಜ ಬರ್ಲಿಲ್ಲ. ಕರಾರು ಬಂದು ಮುಟ್ಟಿತು ಅಂತ ಹೇಳಿದ್ದಷ್ಟೇ ಅಂತ ರೈತನ ವಾದ, ಒಪ್ಪಿಗೆ ಕೊಟ್ಟದ್ದು ಅಂತ ಅವರ ವಾದ. ಕೋರ್ಟ್ ಅದನ್ನು ಒಪ್ಪಿಗೆ ಅಂತಲೇ ತಗೊಂಡು ಸುಮಾರು 82,000 ಕೆನಡಿಯನ್ ಡಾಲರ್ ಕೊಡ್ಬೇಕು ಅಂತ ಹೇಳಿತು. ಅಂಥ ಚಾಟ್‌ನಲ್ಲಿ ಅನುವಾದಕರು 👍 ತೆಗೆದು ‘ಸರಿ, ಒಪ್ಪಿದೆ’ ಅಂತ ಬರೆದ್ರೆ ಕೋರ್ಟ್ ತೀರ್ಮಾನ ಮಾಡ್ಬೇಕಾದ್ದನ್ನು ಇವರೇ ಮಾಡಿ ಮುಗಿಸಿದ ಹಾಗೆ. ಅಲ್ಲಿ ಎಮೋಜಿಯನ್ನು ಇದ್ದ ಜಾಗದಲ್ಲೇ ಬಿಟ್ಟು, ಪಕ್ಕ ಆವರಣದಲ್ಲಿ ‘ಹೆಬ್ಬೆರಳು ಎತ್ತಿದ ಚಿಹ್ನೆ’ ಅಂತ ಕಂಡದ್ದನ್ನು ಮಾತ್ರ ಬರೀರಿ. ಚಾಟ್ ಯಾವ ವರ್ಷದ್ದು ಅಂತಲೂ ನೋಡಿ, 🔫 ಐಫೋನಿನಲ್ಲಿ 2016ರವರೆಗೆ ನಿಜವಾದ ಪಿಸ್ತೂಲಿನ ಹಾಗೇ ಕಾಣ್ತಿತ್ತು, ಆಮೇಲೆ ನೀರಿನ ಆಟಿಕೆ ಆಯ್ತು, ಬೇರೆ ಹೆಚ್ಚಿನ ಕಂಪೆನಿಗಳು ಬದಲಾಯಿಸಿದ್ದು 2018ರಲ್ಲಿ. ಕಳಿಸಿದವರು ಕಂಡದ್ದೂ ನಿಮ್ಮ ಫೋನಲ್ಲಿ ಈಗ ಕಾಣುದೂ ಒಂದೇ ಆಗಿರ್ಬೇಕು ಅಂತ ಇಲ್ಲ.

ಇನ್ನೊಂದು ಸಾಧ್ಯತೆ ಉಂಟು, ನೀವು ಸರಿಯಾಗಿ ಹಾಕಿದ ಎಮೋಜಿ ರಿವ್ಯೂ ಮಾಡುವವರಿಗೆ ಮುಟ್ಟದೇ ಇರುದು. ಫೈಲ್ ಅಪ್‌ಲೋಡ್ ಮಾಡಿದ ಮೇಲೆ ಕನ್ನಡ ಎಲ್ಲ ಚೆಂದ ಇದ್ದು ಎಮೋಜಿ ಜಾಗದಲ್ಲಿ ಮಾತ್ರ ???? ಬಂದ್ರೆ, ಅಥವಾ ಸಾಲು ಅಲ್ಲಿಗೇ ತುಂಡಾದ್ರೆ, ಅದು ನಿಮ್ಮ ತಪ್ಪಲ್ಲ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಯುಟಿಎಫ್-8 ಅನ್ನುವ ಕ್ರಮದಲ್ಲಿ ಕನ್ನಡದ ಒಂದು ಬಿಡಿ ಅಕ್ಷರಕ್ಕೆ 3 ಬೈಟ್ ಸಾಕು, ಹೆಚ್ಚಿನ ಎಮೋಜಿಗೆ 4 ಬೇಕು. ಹಳೆ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಸೆಟಿಂಗ್ `utf8` ಅಂತ ಇದ್ರೆ 3ರವರೆಗೆ ಮಾತ್ರ ಹಿಡೀತದೆ, `utf8mb4` ಮಾಡ್ಲಿಕ್ಕೆ ಏಜೆನ್ಸಿಯವರಿಗೆ ಹೇಳಿ.

ಹಾಗೇ ಟೈಪಿಂಗಿನಲ್ಲಿ ನುಸುಳಿದ ಕಾಣದ ಜೋಡಿಸುವ ಅಕ್ಷರ `U+200D` ಇದನ್ನು ಫೈಂಡ್ ರೀಪ್ಲೇಸ್ ಕೊಟ್ಟು ಒಟ್ಟಿಗೇ ಅಳಿಸುವ ಅಭ್ಯಾಸ ಇದ್ರೆ ನಿಲ್ಲಿಸಿ. ‘ರ‍್ಯಾಂಕ್’ ಬರೀಲಿಕ್ಕೂ ಅದು ಬೇಕು, 👨‍👩‍👧 ಅಂತ ಒಂದೇ ಚಿತ್ರದಲ್ಲಿರುವ ಸಂಸಾರವೂ ಅದರ ಮೇಲೇ ನಿಂತದ್ದು, ತೆಗೆದ್ರೆ ಅಪ್ಪ, ಅಮ್ಮ, ಮಗಳು ಮೂರು ಮುಖ ಬೇರೆ ಬೇರೆ ಆಗಿ ಸಾಲಾಗಿ ನಿಲ್ತವೆ. ಕಳಿಸುವ ಮೊದಲು ಫೈಲನ್ನು ನಿಮ್ಮ ಫೋನಿನಲ್ಲಿ ಒಮ್ಮೆ ತೆರೆದು ಎಮೋಜಿ ಇರುವ ಸಾಲುಗಳನ್ನು ಗಟ್ಟಿಯಾಗಿ ಓದಿ. ಬಾಯಿ ತಡೆದ ಕಡೆ ಕನ್ನಡ ತಿದ್ದಿ, ಎಮೋಜಿಯನ್ನು ಮುಟ್ಬೇಡಿ. 🙂 ತರದ್ದರಲ್ಲಿ ನೀವು ಒಂದು ಕಡೆ ತೀರ್ಮಾನ ಮಾಡಿದ್ರೆ ರಿಮಾರ್ಕ್ ಕಾಲಂನಲ್ಲಿ ಯಾಕೆ ಅಂತ ಒಂದೇ ಸಾಲು ಬರೆದು ಕಳಿಸಿ, ಮುಂದಿನ ಸಲ ಅವರು ವಾಪಸ್ ಕಳಿಸಿದ್ರೂ ಯಾವ ಸಾಲು, ಯಾವ ಮುಖ ಅಂತ ಗುರುತು ಹಾಕಿ ಕಳಿಸ್ತಾರೆ.