ಸ್ಕೇಲಿಗೆ ಮೊದಲು ಗೇಣು, ಹಗ್ಗ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತೇನೆ. ಅಳತೆಯನ್ನು ನೇರವಾಗಿ ಸ್ಕೇಲಿನಿಂದ ಶುರು ಮಾಡಬಾರದೇ?

ಉತ್ತರ: ಮಾಡಬಹುದು, ಆದರೆ ಮಕ್ಕಳು ಅಂಕಿ ಓದುತ್ತಾರೆಯೇ ಹೊರತು ಅಳೆಯುವುದಿಲ್ಲ. ಮೊದಲು ಒಂದೇ ಬೆಂಚನ್ನು ಮಗುವೂ ನೀವೂ ಗೇಣು ಹಾಕಿ ಅಳೆಯಿರಿ. 120 ಸೆಂಟಿಮೀಟರ್ ಬೆಂಚು 12 ಸೆಂಟಿಮೀಟರಿನ ಪುಟ್ಟ ಗೇಣಿಗೆ ಹತ್ತು, ನಿಮ್ಮ 20ರ ಗೇಣಿಗೆ ಆರು. ಯಾರದು ಸರಿ ಎಂದು ಜಗಳವಾಗಲಿ; ತಕ್ಷಣ ಬಿಡಿಸಬೇಡಿ. ಕೈಯನ್ನೂ ಗಮನಿಸಿ: ಕಿರುಬೆರಳು ಮುಟ್ಟಿದ ಜಾಗದಲ್ಲೇ ಹೆಬ್ಬೆರಳು ಇಡದೆ ನಡುವೆ ಸಂದು ಬಿಟ್ಟರೆ ಎಣಿಕೆ ಕಡಿಮೆ ಬರುತ್ತದೆ.

ಆಮೇಲೆ ಒಬ್ಬರ ಗೇಣನ್ನು ಎಲ್ಲರೂ ಒಪ್ಪಿ, ಆ ಅಂತರಕ್ಕೆ ಒಂದರಂತೆ ಹಗ್ಗದ ಮೇಲೆ ಶಾಯಿಯ ಗುರುತು ಹಾಕಿ. ಗಂಟು ಬೇಡ, ಪ್ರತಿ ಗಂಟೂ ಹಗ್ಗವನ್ನು ನುಂಗುತ್ತದೆ. ನಮ್ಮ ಮಳೆಗಾಲದಲ್ಲಿ ಒದ್ದೆಯಾದ ಹತ್ತಿ ಹಗ್ಗ ಕುಗ್ಗುವುದೂ ಉಂಟು. ಗೇಣಿಗೆ ಒಗ್ಗದ ಅಡಿಕೆ ಮರದ ಸುತ್ತಳತೆಗೂ ಈ ಹಗ್ಗ ಒದಗುತ್ತದೆ. ಹಗ್ಗದ ತುದಿಯಲ್ಲಿ ಇನ್ನೂ ಒಂದು ಗೇಣೂ ಆಗಿಲ್ಲ, ಅಲ್ಲಿ ಸೊನ್ನೆ ಬರೆಸಿ. ಸ್ಕೇಲ್ ಕೈಗೆ ಬಂದಾಗ ಒಂದರಿಂದ ಅಳೆಯಲು ಶುರುಮಾಡುವ ತಪ್ಪು ಆಗ ಬಹಳಷ್ಟು ಕಡಿಮೆಯಾಗುತ್ತದೆ.